ವರದಿಯಲ್ಲಿ ‘ಮೈಲ್ಡ್’, ಮನೆಯಲ್ಲಿ ಮಾತೇ ತಿಳಿಯದು: ಆಡಿಯೋಗ್ರಾಮ್ ಓದುವುದು ಹೇಗೆ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ದೊಡ್ಡಬಳ್ಳಾಪುರದಲ್ಲಿ ಬಹುಕಾಲ ವಿದ್ಯುತ್ ಮಗ್ಗದಲ್ಲಿ ದುಡಿದವರು. ಕರೆದರೆ ಓಗೊಡುತ್ತಾರೆ, ಆದರೆ ನಾವು ಹೇಳಿದ್ದೊಂದು, ಅವರು ಕೇಳಿಸಿಕೊಂಡಿದ್ದೊಂದು. ಬೇಕಾದಾಗ ಮಾತ್ರ ಕಿವಿ ಕೇಳುತ್ತದೆ ಎಂದು ಅಮ್ಮನ ದೂರು. ಪರೀಕ್ಷೆ ಮಾಡಿಸಿದಾಗ ಬಲಗಿವಿ 30, ಎಡಗಿವಿ 33, ‘ಮೈಲ್ಡ್’ ಎಂದು ಬರೆದರು. ಅದೇ ಹಾಳೆಯನ್ನು ನೋಡಿದ ಇನ್ನೊಬ್ಬರು ‘ಮಾಡರೇಟ್’ ಎಂದರು. ಶೇಕಡ 30 ಮಾತ್ರ ಹೋಗಿದ್ದರೆ ಇಷ್ಟು ತೊಂದರೆ ಏಕೆ? ಯಾರ ಮಾತು ಸರಿ? ಹಾಳೆಯ ಫೋಟೊ ಕಳಿಸಿದ್ದೇನೆ.

ಉತ್ತರ: ಇಬ್ಬರ ಮಾತೂ ಸರಿ. ಅದೇ ಚುಕ್ಕಿಗಳನ್ನು ಇಬ್ಬರೂ ಬೇರೆ ಬೇರೆ ರೀತಿಯಲ್ಲಿ ಕೂಡಿ ಭಾಗಿಸಿದ್ದಾರೆ, ಅಷ್ಟೇ. ನಿಮ್ಮ ತಂದೆಯವರ ತೊಂದರೆಯ ಕಾರಣ ಆ ಎರಡು ಪದಗಳಲ್ಲಿ ಇಲ್ಲ, ಗೆರೆಯ ಆಕಾರದಲ್ಲಿದೆ. ಆದ್ದರಿಂದ ಪದಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಚಿತ್ರವನ್ನು ನೋಡೋಣ.

ಹಾಳೆಯ ಮೇಲಂಚಿನಲ್ಲಿ ಎಡದಿಂದ ಬಲಕ್ಕೆ 250, 500, 1000, 2000, 4000, 8000 ಎಂದು ಬರೆದಿದೆಯಲ್ಲ, ಅವು ಹರ್ಟ್ಜ್‌ಗಳು. ಹಾರ್ಮೋನಿಯಂ ಮನೆಗಳ ಹಾಗೆ ಎಡಕ್ಕೆ ದಪ್ಪ ದನಿ, ಬಲಕ್ಕೆ ಹೋದಂತೆ ಕೀಚು ದನಿ. ಪ್ರತಿ ಹೆಜ್ಜೆಗೂ ಒಂದು ಸ್ಥಾಯಿ ಏರುತ್ತದೆ. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ −10ರಿಂದ 120ರವರೆಗೆ ಇರುವುದು ಡೆಸಿಬೆಲ್, ಅಂದರೆ ಸದ್ದಿನ ಜೋರು. ಇಲ್ಲಿ ಬಹಳ ಜನ ಎಡವುತ್ತಾರೆ. ಸಾಮಾನ್ಯ ಗ್ರಾಫಿನಲ್ಲಿ ಮೇಲೆ ಹೋದಷ್ಟೂ ಹೆಚ್ಚು, ಇಲ್ಲಿ ಕೆಳಗೆ ಹೋದಷ್ಟೂ ಹೆಚ್ಚು. ಚುಕ್ಕಿ ಕೆಳಗಿಳಿದಷ್ಟೂ ಆ ಸ್ವರ ಕೇಳಿಸಲು ಹೆಚ್ಚು ಜೋರು ಬೇಕಾಯಿತು ಎಂದರ್ಥ. ಸೊನ್ನೆ ಎಂದರೆ ಸದ್ದೇ ಇಲ್ಲ ಎಂದಲ್ಲ. ಕಿವಿ ಚೆನ್ನಾಗಿರುವ ಯುವಜನರಿಗೆ ಸರಾಸರಿಯಾಗಿ ಕೇಳಿಸಲು ಆರಂಭವಾಗುವ ಮಟ್ಟವನ್ನೇ ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ಅದಕ್ಕಿಂತಲೂ ಚುರುಕು ಕಿವಿಯವರು ಇರುತ್ತಾರೆ, ಅವರಿಗಾಗಿಯೇ −10.

ಕೆಂಪು ವೃತ್ತಗಳು ಬಲಗಿವಿ, ನೀಲಿ ಗುಣಿಸು ಚಿಹ್ನೆಗಳು ಎಡಗಿವಿ. ಕಪ್ಪು ಬಿಳುಪು ಪ್ರತಿಯಾದರೂ ಚಿಹ್ನೆಯನ್ನು ನೋಡಿ ಹೇಳಬಹುದು. ಇವೆಲ್ಲ ಹೆಡ್‌ಫೋನ್ ಮೂಲಕ ಕೇಳಿಸಿದ ಸ್ವರಗಳ ಫಲಿತಾಂಶ. ಪರೀಕ್ಷಕರು ಸ್ವರವನ್ನು ಕೇಳಿಸಿ, ಗುಂಡಿ ಒತ್ತಿದರೆ 10 ಡೆಸಿಬೆಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಏರಿಸುತ್ತಾರೆ. ಹೀಗೆ ಇಳಿಸಿ ಏರಿಸಿ, ಕನಿಷ್ಠ ಅರ್ಧದಷ್ಟು ಸಲವಾದರೂ ಕೇಳಿಸಿದ ಅತಿ ಸಣ್ಣ ಮಟ್ಟದಲ್ಲಿ ಚುಕ್ಕಿ ಇಡುತ್ತಾರೆ. ಹೆಜ್ಜೆಯೇ 5 ಡೆಸಿಬೆಲ್ ಆಗಿರುವುದರಿಂದ ಇಂದು 45 ಬಂದದ್ದು ಮುಂದಿನ ವಾರ 40 ಅಥವಾ 50 ಬಂದರೆ ಕಿವಿ ಸುಧಾರಿಸಿತು ಎಂದಾಗಲಿ ಕೆಟ್ಟಿತು ಎಂದಾಗಲಿ ತಿಳಿಯಬೇಕಿಲ್ಲ.

ಈಗ ನಿಮ್ಮ ತಂದೆಯವರ ಬಲಗಿವಿ. ಫೋಟೊದಲ್ಲಿ ಕಾಣುವಂತೆ 250ರಲ್ಲಿ 15, 500ರಲ್ಲಿ 20, 1000ದಲ್ಲಿ 25, 2000ದಲ್ಲಿ 45, 4000ದಲ್ಲಿ 70, 8000ದಲ್ಲಿ 55. ಗೆರೆ ಎಡದಲ್ಲಿ ಸಮತಟ್ಟಾಗಿ ಬಂದು, 1000 ದಾಟುತ್ತಿದ್ದಂತೆ ಕಡಿದಾಗಿ ಇಳಿದು, 4000ದಲ್ಲಿ ತಳ ಮುಟ್ಟಿ, ಕೊನೆಯಲ್ಲಿ ಸ್ವಲ್ಪ ಮೇಲೇಳುತ್ತದೆ. ಎಡಗಿವಿಯದೂ ಇದೇ ಆಕಾರ, 1000ದಿಂದ ಆಚೆಗೆ ಐದೈದು ಡೆಸಿಬೆಲ್ ಕೆಳಗೆ.

‘30’ ಎಂಬ ಅಂಕಿ ಬಂದದ್ದು ಹೀಗೆ. ರೂಢಿಯಂತೆ 500, 1000, 2000 ಈ ಮೂರು ಚುಕ್ಕಿಗಳನ್ನು ಕೂಡಿ ಮೂರರಿಂದ ಭಾಗಿಸುತ್ತಾರೆ. 20, 25, 45 ಸೇರಿ 90, ಭಾಗಿಸಿದರೆ 30. ಇದನ್ನೇ ವರದಿಯಲ್ಲಿ ಪಿಟಿಎ ಎಂದು ಬರೆಯುವುದು. ನಮ್ಮ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಹಳೆಯ ಪಟ್ಟಿಯಲ್ಲಿ 26ರಿಂದ 40ರವರೆಗೆ ಮೈಲ್ಡ್, 41ರಿಂದ 55 ಮಾಡರೇಟ್, 56ರಿಂದ 70 ಮಾಡರೇಟ್ಲಿ ಸಿವಿಯರ್, 71ರಿಂದ 90 ಸಿವಿಯರ್, ಅದರಾಚೆ ಪ್ರೊಫೌಂಡ್. 30 ಅಂದಮೇಲೆ ಮೈಲ್ಡ್. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕ 4000ದ ಕಡೆಗೆ ಕಣ್ಣನ್ನೇ ಹಾಯಿಸುವುದಿಲ್ಲ. ಅಲ್ಲಿ 70 ಇದ್ದರೂ ಅಷ್ಟೇ, 20 ಇದ್ದರೂ ಅಷ್ಟೇ, ಉತ್ತರ 30 ಆಗಿಯೇ ಉಳಿಯುತ್ತದೆ.

ಎರಡನೆಯವರು ಬಹುಶಃ ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಶ್ರವಣ ವರದಿಯಲ್ಲಿ ಕೊಟ್ಟ ಪಟ್ಟಿಯನ್ನು ಅನುಸರಿಸಿದ್ದಾರೆ. ಅದರಲ್ಲಿ 4000ವನ್ನೂ ಸೇರಿಸಿ ನಾಲ್ಕರಿಂದ ಭಾಗಿಸಬೇಕು, ಮತ್ತು ಎರಡು ಕಿವಿಗಳಲ್ಲಿ ಚೆನ್ನಾಗಿರುವುದನ್ನು ಲೆಕ್ಕಕ್ಕೆ ಹಿಡಿಯಬೇಕು. 20, 25, 45, 70 ಸೇರಿ 160, ನಾಲ್ಕರಿಂದ ಭಾಗಿಸಿದರೆ 40. ಆ ಪಟ್ಟಿಯ ಗಡಿಗಳೂ ಬೇರೆ: 20ರಿಂದ 35ರ ಒಳಗೆ ಮೈಲ್ಡ್, 35ರಿಂದ 50ರ ಒಳಗೆ ಮಾಡರೇಟ್, ಮುಂದೆ ಹದಿನೈದರ ಹೆಜ್ಜೆಗಳಲ್ಲಿ 95ರವರೆಗೆ. ಹೀಗಾಗಿ 40 ಎಂದರೆ ಅಲ್ಲಿ ಮಾಡರೇಟ್. ಚುಕ್ಕಿಗಳೂ ಬದಲಾಗಲಿಲ್ಲ, ಕಿವಿಯೂ ಬದಲಾಗಲಿಲ್ಲ. ನನ್ನನ್ನು ಕೇಳಿದರೆ ಇಂಥ ಇಳಿಜಾರು ಗೆರೆಗೆ ಎರಡನೆಯ ಲೆಕ್ಕವೇ ನ್ಯಾಯ ಒದಗಿಸುತ್ತದೆ. ಆದರೂ ಅದು ಸರಾಸರಿಯೇ. ಎಲ್ಲ ಕಡೆ 40 ಇರುವ ಚಪ್ಪಟೆ ಗೆರೆಯವರಿಗೂ ಅದೇ ‘ಮಾಡರೇಟ್’ ಸಿಗುತ್ತದೆ, ಅವರ ಪಾಡು ಪೂರ್ತಿ ಬೇರೆ. ಅವರಿಗೆ ಗಟ್ಟಿಯಾಗಿ ಮಾತನಾಡಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ನಿಮ್ಮ ತಂದೆಯವರಿಗೆ ಸಾಲದು.

ಇನ್ನು ‘ಶೇಕಡ 30’ ಎಂಬ ನಿಮ್ಮ ಮಾತು. ಡೆಸಿಬೆಲ್ ಶೇಕಡವಾರು ಅಲ್ಲ. ಅದು ಪಟ್ಟು ಲೆಕ್ಕ. ಪ್ರತಿ 10 ಡೆಸಿಬೆಲ್‌ಗೂ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 4000ದಲ್ಲಿ 70 ಎಂದರೆ, ಸೊನ್ನೆಯಲ್ಲಿ ಕೇಳಿಸುವವರಿಗೆ ಸಾಕಾಗುವ ಶಕ್ತಿಯ ಒಂದು ಕೋಟಿ ಪಟ್ಟು ಕೊಟ್ಟಾಗಲೇ ನಿಮ್ಮ ತಂದೆಗೆ ಆ ಸ್ವರ ‘ಇದೆ’ ಎಂದು ಗೊತ್ತಾಗುವುದು. ಸರ್ಕಾರಿ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಬರುವ ಶೇಕಡಾ ಬೇರೊಂದು ಸೂತ್ರದಿಂದ ಬರುವಂಥದು, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇರುವವರನ್ನು ಮಂದಶ್ರವಣದವರೆಂದು ಗುರುತಿಸುತ್ತದೆ. ಈ ಸರಾಸರಿ ಅಲ್ಲಿಗೆ ತಲುಪುವುದಿಲ್ಲ.

ಈಗ ನಿಮ್ಮ ಅಮ್ಮನ ದೂರಿಗೆ ಬರುತ್ತೇನೆ, ಏಕೆಂದರೆ ಉತ್ತರ ಇಲ್ಲೇ ಇದೆ. ಕಾಲು, ಹಾಲು, ಸಾಲು, ಪಾಲು ಎಂಬ ನಾಲ್ಕು ಪದಗಳನ್ನು ಒಮ್ಮೆ ಹೇಳಿ ನೋಡಿ. ‘ಆ’, ‘ಉ’ ಸ್ವರಗಳೂ ನಡುವಿನ ‘ಲ’ಕಾರವೂ ನಾಲ್ಕರಲ್ಲೂ ಒಂದೇ. ಇವುಗಳ ಬಲವೆಲ್ಲ ಹೆಚ್ಚಾಗಿ ಗ್ರಾಫಿನ ಎಡಭಾಗದಲ್ಲಿ, 1000 ಹರ್ಟ್ಜ್‌ನ ಸುತ್ತಮುತ್ತ ಮತ್ತು ಅದರ ಕೆಳಗೆ ಇರುತ್ತದೆ. ಮಾಮೂಲಿ ಮಾತಿನಲ್ಲಿ ಅವು ಗ್ರಾಫಿನ 40–50ರ ಮಟ್ಟಕ್ಕೆ ಬೀಳುತ್ತವೆ. ಅಲ್ಲಿ ನಿಮ್ಮ ತಂದೆಯವರಿಗೆ 20–25 ಸಾಕು, ಹಾಗಾಗಿ ಆ ಭಾಗ ಚೆನ್ನಾಗಿಯೇ ಕೇಳಿಸುತ್ತದೆ. ‘ಅಪ್ಪಾ’ ಎಂದಾಗ ತಿರುಗಿ ನೋಡುವುದು ಇದರಿಂದಲೇ. ಆದರೆ ನಾಲ್ಕು ಪದಗಳನ್ನು ಬೇರ್ಪಡಿಸುವುದು ಮೊದಲ ವ್ಯಂಜನ ಮಾತ್ರ. ‘ಕ’ಕಾರದ ಸಿಡಿತ 2000ದಿಂದ 4000ದ ಸೀಮೆಗೆ ಹರಡಿರುತ್ತದೆ, ‘ಸ’ಕಾರದ ಉಸಿರು ಬಹುಪಾಲು 4000ದಿಂದ ಆಚೆ. ಸಾಲದ್ದಕ್ಕೆ ಅವು ಮೆಲುದನಿಯ ಅಕ್ಷರಗಳು; ಮಾಮೂಲಿ ಮಾತಿನಲ್ಲಿ ‘ಸ’ ಗ್ರಾಫಿನ 20–30ರ ಮಟ್ಟದಲ್ಲಿರುತ್ತದೆ. ಅಲ್ಲಿ ತಂದೆಯವರಿಗೆ ಬೇಕಾದ ಕನಿಷ್ಠ ಮಟ್ಟ 70. ಆ ಅಕ್ಷರ ಅವರ ಮಟ್ಟಿಗೆ ಹುಟ್ಟುವುದೇ ಇಲ್ಲ. ‘ಆಲು’ ಎಂಬುದಷ್ಟೇ ಕಿವಿಗೆ ಬೀಳುತ್ತದೆ, ಉಳಿದದ್ದನ್ನು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾರೆ. ಎದುರು ಕುಳಿತು, ತುಟಿ ಕಾಣುವಂತೆ, ಪರಿಚಿತ ವಿಷಯ ಮಾತನಾಡಿದರೆ ಊಹೆ ಸರಿಹೋಗುತ್ತದೆ. ಬೆನ್ನ ಹಿಂದಿನಿಂದಲೋ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡೋ ಮಾತನಾಡಿದರೆ ತಪ್ಪುತ್ತದೆ. ಇದೇ ಹೊರಗಿನವರಿಗೆ ‘ಬೇಕಾದಾಗ ಮಾತ್ರ ಕೇಳಿಸುತ್ತದೆ’ ಎಂದು ಕಾಣುವುದು.

ಕೂಗಿದರೆ ಏನಾಗುತ್ತದೆ ಎಂಬುದೂ ಇದೇ ಚಿತ್ರದಲ್ಲಿದೆ. ದನಿ ಏರಿಸಿದಾಗ ಏರುವುದು ಸ್ವರಾಕ್ಷರಗಳೇ ಹೊರತು ‘ಸ’, ‘ತ’ಗಳು ಅಷ್ಟಾಗಿ ಅಲ್ಲ. ಮೊದಲೇ ಕೇಳಿಸುತ್ತಿದ್ದ ಭಾಗ ಇನ್ನೂ ಅಬ್ಬರವಾಗುತ್ತದೆ, ಕೇಳಿಸದ ಭಾಗ ಇದ್ದಲ್ಲೇ ಇರುತ್ತದೆ. ಒಳಗಿವಿ ಸವೆದವರಿಗೆ ಸಣ್ಣ ಸದ್ದು ಕೇಳಿಸದಿದ್ದರೂ ದೊಡ್ಡ ಸದ್ದು ಎಂದಿನಷ್ಟೇ ಜೋರಾಗಿ ಬಡಿಯುತ್ತದೆ. ‘ಯಾಕೆ ಕಿರುಚುತ್ತೀರಿ’ ಎಂದು ಅವರು ರೇಗಿದರೆ ಅದು ನಿಜವಾಗಿಯೂ ಕಿವಿಗೆ ಆದ ನೋವು.

ಗೆರೆಯಲ್ಲಿ 4000ದ ಆ ತಗ್ಗು ನಮಗೆ ಚೆನ್ನಾಗಿ ಪರಿಚಿತ. ಕಿವಿಯ ನಾಳವು ತನ್ನ ಉದ್ದದಿಂದಾಗಿ 2500–3000 ಹರ್ಟ್ಜ್ ಸುಮಾರಿನ ಸದ್ದನ್ನು ತಾನೇ ಹಿಗ್ಗಿಸುತ್ತದೆ. ಒಳಗಿವಿಯ ಶಂಖದಲ್ಲಿ ಹಾನಿ ಅದಕ್ಕಿಂತ ಸ್ವಲ್ಪ ಮೇಲಿನ ಸ್ವರದ ಜಾಗದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಹಲವು ಮಗ್ಗಗಳು ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವರ್ಷಗಟ್ಟಲೆ ಅದರ ನಡುವೆ ನಿಂತವರ ಗ್ರಾಫಿನಲ್ಲಿ 3000ದಿಂದ 6000ದ ನಡುವೆ ಹೀಗೆ ತಗ್ಗು ಬಿದ್ದು 8000ದಲ್ಲಿ ಮತ್ತೆ ಏರುತ್ತದೆ. ಬರೀ ವಯಸ್ಸಿನದಾಗಿದ್ದರೆ 8000ದಲ್ಲಿ ಇನ್ನೂ ಕೆಳಗಿಳಿಯಬೇಕಿತ್ತು. ಅವರ ವಯಸ್ಸಿಗೆ ಎರಡೂ ಬೆರೆತಿರುತ್ತವೆ. ಇನ್ನು ಹತ್ತು ವರ್ಷಕ್ಕೆ ಆ ಏರು ಅಳಿಸಿಹೋಗಿ ಇದು ಸದ್ದಿನ ಹಾನಿ ಎಂದು ಗುರುತಿಸುವುದೇ ಕಷ್ಟವಾಗಬಹುದು. ಹಾಳೆಯನ್ನು ಜೋಪಾನವಾಗಿಡಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಹಾಳೆಯಲ್ಲಿ ವೃತ್ತಗಳ ಪಕ್ಕದಲ್ಲಿ ಸಣ್ಣ ಕೋನದ ಚಿಹ್ನೆಗಳು, ಕೆಲವು ಕಡೆ ಚೌಕದ ಆವರಣದ ಅರ್ಧಭಾಗದಂಥವು ಇವೆ. ಅವು ಕಿವಿಯ ಹಿಂದಿನ ಎಲುಬಿಗೆ ಕಂಪಕವನ್ನು ಒತ್ತಿ ಮಾಡಿದ ಪರೀಕ್ಷೆ. ಕಂಪನ ನಾಳ, ತಮಟೆ, ಮೂಳೆಗಳ ಹಾದಿ ಬಿಟ್ಟು ನೇರವಾಗಿ ಒಳಗಿವಿಗೆ ಹೋಗುತ್ತದೆ. ಎಲುಬಿನ ಚಿಹ್ನೆ ಮೇಲೆ, ವೃತ್ತ ಕೆಳಗೆ, ನಡುವೆ 15 ಡೆಸಿಬೆಲ್ ಅಥವಾ ಹೆಚ್ಚು ಅಂತರವಿದ್ದರೆ ಒಳಗಿವಿ ಅಷ್ಟು ಕೆಟ್ಟಿಲ್ಲ, ಹಾದಿಯಲ್ಲಿ ತಡೆ ಇದೆ ಎಂದರ್ಥ. ಗುಗ್ಗೆ, ತಮಟೆಯ ತೂತು, ಹಿಂದೆ ತುಂಬಿದ ನೀರು, ಬಿಗಿದುಕೊಂಡ ಮೂಳೆ, ಹೀಗೆ ಕಾರಣ ಏನೂ ಇರಬಹುದು, ಹಲವಕ್ಕೆ ಚಿಕಿತ್ಸೆಯೂ ಇದೆ. ನಿಮ್ಮ ತಂದೆಯವರ ಬಲಗಿವಿಯಲ್ಲಿ ಎಲುಬಿನ ಅಂಕಿಗಳು 500ರಲ್ಲಿ 15, 1000ದಲ್ಲಿ 25, 2000ದಲ್ಲಿ 45, 4000ದಲ್ಲಿ 65. ವೃತ್ತಗಳಿಗೆ ಅಂಟಿಕೊಂಡೇ ಇವೆ. ಹಾಗಾಗಿ ‘ಸೆನ್ಸರಿನ್ಯೂರಲ್’, ಅಂದರೆ ಒಳಗಿವಿ ಅಥವಾ ನರದ ಕಡೆಯದು ಎಂದು ಬರೆದಿರುವುದು ಸರಿ. ಗುಳಿಗೆಯಿಂದಾಗಲಿ ಕಿವಿಗೆ ಹನಿ ಹಾಕುವುದರಿಂದಾಗಲಿ ಇದು ಮರಳುವುದಿಲ್ಲ.

ಈ ಎಲುಬಿನ ಚಿಹ್ನೆಗಳೇ ಇಲ್ಲದ ವರದಿಗಳನ್ನು ನಾನು ಬಹಳ ನೋಡುತ್ತೇನೆ, ಅದರಲ್ಲೂ ಉಚಿತ ಶಿಬಿರಗಳ ಹಾಳೆಗಳಲ್ಲಿ. ಅವುಗಳ ಮೇಲೆ ‘ಸೆನ್ಸರಿನ್ಯೂರಲ್’ ಎಂದು ಬರೆದಿದ್ದರೆ ಆ ಮಾತಿಗೆ ಆಧಾರವಿಲ್ಲ. ಒಂದು ಕಿವಿ ಇನ್ನೊಂದಕ್ಕಿಂತ 40 ಡೆಸಿಬೆಲ್‌ಗಿಂತ ಹೆಚ್ಚು ಕೆಟ್ಟಿದ್ದರೂ ಚಿಹ್ನೆ ಮಾಮೂಲಿ ವೃತ್ತ ಅಥವಾ ಗುಣಿಸು ಆಗಿಯೇ ಇದ್ದರೆ ಅಲ್ಲೂ ಅನುಮಾನಪಡಿ. ಅಷ್ಟು ಜೋರಿನ ಸದ್ದು ತಲೆಬುರುಡೆಯ ಮೂಲಕ ದಾಟಿ ಒಳ್ಳೆಯ ಕಿವಿಗೆ ಕೇಳಿಸಿಬಿಡುತ್ತದೆ. ಅದನ್ನು ತಡೆಯಲು ಒಳ್ಳೆಯ ಕಿವಿಗೆ ಮೊರೆತದ ಸದ್ದು ತುಂಬಿ ಪರೀಕ್ಷಿಸಬೇಕು. ಹಾಗೆ ಮಾಡಿದಾಗ ಬಲಕ್ಕೆ ತ್ರಿಕೋನ, ಎಡಕ್ಕೆ ಚೌಕ ಬರುತ್ತದೆ. ವಯಸ್ಸಾದವರಲ್ಲಿ ಇನ್ನೊಂದು ಸಣ್ಣ ಮೋಸವಿದೆ. ನಾಳದ ಬಾಯಿಯ ಮೃದ್ವಸ್ಥಿ ಸಡಿಲವಾಗಿ, ಹೆಡ್‌ಫೋನಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಆಗ ಕೀಚು ದನಿಗಳ ಕಡೆ ಇಲ್ಲದ ಅಂತರ ಹುಟ್ಟುತ್ತದೆ. ಕಿವಿಯೊಳಗೆ ಇಡುವ ಸ್ಪಂಜಿನ ತುದಿಯ ಫೋನು ಬಳಸಿದರೆ ಅದು ಮಾಯ. ನಿಮ್ಮ ಹಾಳೆಯಲ್ಲಿ ಈ ಯಾವ ಗುರುತೂ ಇಲ್ಲ.

ಹಾಳೆಯ ಕೆಳಗಿನ ಪುಟ್ಟ ಕೋಷ್ಟಕವನ್ನು ಯಾರೂ ನಿಮಗೆ ವಿವರಿಸಿರಲಿಕ್ಕಿಲ್ಲ, ನಾನಾದರೆ ಅದನ್ನೇ ಮೊದಲು ನೋಡುತ್ತೇನೆ. ಎಸ್‌ಆರ್‌ಟಿ ಬಲಕ್ಕೆ 25 ಎಂದಿದೆ. ಪರಿಚಿತ ಪದಗಳನ್ನು ಕೇಳಿಸಿ, ಅರ್ಧದಷ್ಟನ್ನು ಮರಳಿ ಹೇಳಲು ಎಷ್ಟು ಜೋರು ಬೇಕಾಯಿತು ಎಂಬ ಅಳತೆ ಅದು. ಇದು ಪಿಟಿಎಗೆ ಹತ್ತು ಡೆಸಿಬೆಲ್ ಒಳಗೆ ಹೊಂದಬೇಕು. ಇಲ್ಲಿ 30ಕ್ಕೆ 25, ಹೊಂದುತ್ತದೆ, ಆದ್ದರಿಂದ ಗುಂಡಿ ಒತ್ತಿದ್ದು ನಂಬಬಹುದಾದದ್ದೇ. ಪಿಟಿಎ 60 ಎಂದು ಬಂದು ಎಸ್‌ಆರ್‌ಟಿ 25 ಬಂದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಸಿ ಎನ್ನುತ್ತಿದ್ದೆ.

ಅದರ ಪಕ್ಕದ ಎಸ್‌ಡಿಎಸ್ ಬಲಕ್ಕೆ ಶೇಕಡ 76, ಎಡಕ್ಕೆ 72. ಇದು ಮಾತ್ರ ನಿಜವಾದ ಶೇಕಡಾ. ಆರಾಮವಾಗಿ ಕೇಳಿಸುವಷ್ಟು ಜೋರಿನಲ್ಲಿ 25 ಪದ ಹೇಳಿದಾಗ ಬಲಗಿವಿ 19ನ್ನು, ಎಡಗಿವಿ 18ನ್ನು ಸರಿಯಾಗಿ ಹಿಡಿದಿದೆ. ಅಂದರೆ ಶಾಂತ ಕೋಣೆಯಲ್ಲಿ, ಜೋರು ಮಾಡಿ ಕೊಟ್ಟಾಗಲೂ ನಾಲ್ಕರಲ್ಲೊಂದು ಪದ ತಪ್ಪುತ್ತಿದೆ. ಶ್ರವಣ ಸಾಧನದಿಂದ ಎಷ್ಟು ನಿರೀಕ್ಷಿಸಬಹುದು ಎಂಬುದಕ್ಕೆ ಗೆರೆಗಿಂತ ಈ ಅಂಕಿಯೇ ಹೆಚ್ಚು ಹೇಳುತ್ತದೆ. 76 ಇದ್ದವರಿಗೆ ಸಾಧನ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಆದರೆ ಮದುವೆ ಮನೆಯ ಗದ್ದಲದಲ್ಲಿ ಹುಡುಗರಂತೆ ಕೇಳಿಸುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಒಂದು ವಿಚಾರಣೆ ಮಾಡಿ: ಪದಪಟ್ಟಿ ಕನ್ನಡದ್ದಾಗಿತ್ತೇ? ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದ ಪದಪಟ್ಟಿಗಳನ್ನು ರೂಪಿಸಿದೆ. ಇಂಗ್ಲಿಷ್ ಪದ ಕೇಳಿಸಿ ಬಂದ ಅಂಕಿಯಾದರೆ ಅದು ಕಿವಿಯ ಪರೀಕ್ಷೆ ಆಗಿರುವುದಿಲ್ಲ.

ಸಾಧನದ ವಿಷಯದಲ್ಲಿ ಗೆರೆಯ ಆಕಾರವೇ ದಾರಿ ತೋರಿಸುತ್ತದೆ. 1000ದವರೆಗೆ ಹೆಚ್ಚಿನ ಸಹಾಯವೇ ಬೇಡ, 2000ದಿಂದ ಆಚೆಗೆ ಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಎಲ್ಲವನ್ನೂ ಒಂದೇ ಸಮ ಜೋರು ಮಾಡುವ ಯಂತ್ರ ತಂದರೆ ಫ್ಯಾನಿನ ಗುಂಯ್ ಸದ್ದೂ ರಸ್ತೆಯ ಮೊರೆತವೂ ದೊಡ್ಡದಾಗಿ, ‘ಸ’ಕಾರ ಇದ್ದಲ್ಲೇ ಉಳಿಯುತ್ತದೆ. ಮೂರು ದಿನಕ್ಕೆ ಅದು ಬೀರುವಿನೊಳಗೆ ಸೇರುತ್ತದೆ. ಗ್ರಾಫಿಗೆ ತಕ್ಕಂತೆ ಕಂಪ್ಯೂಟರಿನಲ್ಲಿ ಹೊಂದಿಸುವ ಡಿಜಿಟಲ್ ಸಾಧನವನ್ನೇ ಕೇಳಿ, ಎರಡೂ ಕಿವಿಗೆ. ನಾಳವನ್ನು ಪೂರ್ತಿ ಮುಚ್ಚುವ ಅಚ್ಚಿನ ಬದಲು ಗಾಳಿಯಾಡುವ ತೆರೆದ ತುದಿ ಇಂಥ ಕಿವಿಗೆ ಹೊಂದುತ್ತದೆ. ಮುಚ್ಚಿದರೆ ತಮ್ಮ ದನಿಯೇ ಕೊಡದೊಳಗಿನಿಂದ ಬಂದಂತೆ ಅನಿಸುತ್ತದೆ. ಸೌಲಭ್ಯವಿರುವ ಕಡೆ ಕಿವಿಯೊಳಗೆ ಕೂದಲಿನಂಥ ನಳಿಕೆ ಇಟ್ಟು, ಸಾಧನದ ಸದ್ದು 4000ದಲ್ಲಿ ನಿಜಕ್ಕೂ ತಲುಪುತ್ತಿದೆಯೇ ಎಂದು ಅಳೆದು ಕೊಡುತ್ತಾರೆ. ಅದನ್ನು ಒತ್ತಾಯಿಸಿ ಮಾಡಿಸಿಕೊಳ್ಳಿ. ಮೊದಲ ಕೆಲವು ವಾರ ಪತ್ರಿಕೆಯ ಸರಸರ, ಪಾತ್ರೆಯ ಟಣಟಣ ಕಿರಿಕಿರಿ ಮಾಡುತ್ತವೆ. ಬಹುಕಾಲ ಮರೆಯಾಗಿದ್ದ ದನಿಗಳು ಅವು, ಕ್ರಮೇಣ ರೂಢಿಯಾಗುತ್ತವೆ.

ತಂದೆಯವರು ಈಗಲೂ ಶೆಡ್ಡಿಗೆ ಹೋಗುತ್ತಿದ್ದರೆ ಕಿವಿಗೆ ಪ್ಲಗ್ ಹಾಕಿಕೊಳ್ಳಲಿ, ಸಾಧನ ಹಾಕಿಕೊಂಡು ಮಗ್ಗದ ಮುಂದೆ ನಿಲ್ಲುವುದು ಬೇಡ. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಹೋಗುವಾಗ ಹಿಂದಿನ ದಿನ ಕೆಲಸಕ್ಕೆ ರಜೆ ಹಾಕಿಸಿ, ಏಕೆಂದರೆ ಸದ್ದಿನಿಂದ ಬರುವ ತಾತ್ಕಾಲಿಕ ಮಂದತನವೂ ಚುಕ್ಕಿಗಳನ್ನು ಕೆಳಗೆಳೆಯುತ್ತದೆ. ಕನಿಷ್ಠ 14 ಗಂಟೆ ನಿಶ್ಶಬ್ದದಲ್ಲಿ ಇದ್ದಿರಬೇಕು. ಗುಗ್ಗೆ ಇದ್ದರೆ ಮೊದಲೇ ತೆಗೆಸಿ. ಹಳೆಯ ಹಾಳೆಯ ಪಕ್ಕ ಹೊಸದನ್ನಿಟ್ಟು, ಎರಡು ಅಕ್ಕಪಕ್ಕದ ಆವರ್ತನಗಳಲ್ಲಿ 10 ಡೆಸಿಬೆಲ್‌ನಷ್ಟು ಇಳಿದಿದೆಯೇ ಎಂದು ಮಾತ್ರ ನೋಡಿ.

ಕಾಯಬಾರದ ಸಂದರ್ಭಗಳು ಎರಡು. ಒಂದು ಕಿವಿ ಮಾತ್ರ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಕೆಳಗಿಳಿದರೆ, ಅಕ್ಕಪಕ್ಕದ ಆವರ್ತನಗಳಲ್ಲಿ 15 ಡೆಸಿಬೆಲ್ ಅಥವಾ ಹೆಚ್ಚು, ಶ್ರವಣ ನರದ ಮೇಲೆ ಗಂಟು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇಎನ್‌ಟಿ ವೈದ್ಯರು ಎಂಆರ್‌ಐ ಬರೆಯಬಹುದು. ನಿಮ್ಮ ತಂದೆಯವರ ಎರಡು ಗೆರೆಗಳ ನಡುವಿನ ಐದು ಡೆಸಿಬೆಲ್ ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಅಥವಾ ಎರಡು ಮೂರು ದಿನದೊಳಗೆ ಕಿವಿ ಏಕಾಏಕಿ ಮಂದವಾಗುವುದು. ಅದಕ್ಕೆ ಸ್ಟೆರಾಯ್ಡ್ ಚಿಕಿತ್ಸೆ ಇದೆ, ಬೇಗ ಆರಂಭಿಸಿದಷ್ಟೂ ಗುಣ ಹೆಚ್ಚು, ವಾರಗಳು ಕಳೆದರೆ ಕೈತಪ್ಪುತ್ತದೆ. ಗುಗ್ಗೆ ಇರಬೇಕು ಎಂದುಕೊಂಡು ಎಣ್ಣೆ ಬಿಟ್ಟುಕೊಂಡು ಕೂರದೆ ಅದೇ ದಿನ ಇಎನ್‌ಟಿ ವೈದ್ಯರ ಬಳಿಗೆ ಕರೆದೊಯ್ಯಿರಿ, ಈ ಹಾಳೆಯನ್ನೂ ಜೊತೆಗೆ ಒಯ್ಯಿರಿ.